ಸೈನ್ ಕಾಸ್ ಅದಲು ಬದಲು, ಆದ್ರೂ ರೇಂಜ್ ಕರೆಕ್ಟ್: ಪ್ರೊಜೆಕ್ಟೈಲ್ ಲೆಕ್ಕಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಾ?

ಕೇಳಿದವರು, ಫಸ್ಟ್ ಪಿಯುಸಿ ಫಿಸಿಕ್ಸ್ ಲೆಕ್ಚರರ್

ಕಾಲೇಜ್ ಟೆಸ್ಟ್ ಪೇಪರ್ ತಿದ್ತಾ ಇದೀನಿ, ಒಂದು ಕಡೆ ಸಿಕ್ಕಾಕೊಂಡಿದೀನಿ. ಬಾಲನ್ನ 28 m/s ಸ್ಪೀಡಲ್ಲಿ ನೆಲಕ್ಕೆ 30° ಕೋನದಲ್ಲಿ ಎಸೆದ್ರೆ ಮ್ಯಾಕ್ಸಿಮಮ್ ಹೈಟ್, ಹಾರಾಟದ ಟೈಮ್, ರೇಂಜ್ ಎಷ್ಟು ಅಂತ 5 ಮಾರ್ಕ್ಸ್ ಲೆಕ್ಕ. ಸ್ಕೀಮಲ್ಲಿ ಹೈಟಿಗೆ ಫಾರ್ಮುಲಾ 1 ಉತ್ತರ 1, ಟೈಮಿಗೆ ಎಲ್ಲಾ ಸೇರಿ 1, ರೇಂಜಿಗೆ ಫಾರ್ಮುಲಾ 1 ಉತ್ತರ 1. ಒಬ್ಬ ಹುಡುಗ ಆ ಮೂರು ಫಾರ್ಮುಲಾದಲ್ಲಿ ಒಂದನ್ನೂ ಬರೆದಿಲ್ಲ, ಚಿತ್ರ ಹಾಕಿ ವೇಗನ ಎರಡು ಭಾಗ ಮಾಡ್ಕೊಂಡು ಮಾಡಿದಾನೆ. ಆದ್ರೆ ಹಾರಿಜಾಂಟಲ್‌ಗೆ 28 sin30 = 14, ವರ್ಟಿಕಲ್‌ಗೆ 28 cos30 = 24.25 ಅಂತ ಉಲ್ಟಾ ಬರೆದಿದಾನೆ. ಹೈಟ್ 30 m ಬಂದಿದೆ (ಬರಬೇಕಿದ್ದದ್ದು 10), ಟೈಮ್ 4.95 s ಬಂದಿದೆ (ಬರಬೇಕಿದ್ದದ್ದು 2.86), ಆದ್ರೆ ರೇಂಜ್ ಮಾತ್ರ 69.3 m, ಪಕ್ಕಾ ಕರೆಕ್ಟ್. ಸ್ಟಾಫ್ ರೂಮಲ್ಲಿ ಒಬ್ರು 1 ಸಾಕು ಅಂದ್ರು, ನಂಗೆ 3 ಆದ್ರೂ ಕೊಡಬೇಕು ಅನ್ಸುತ್ತೆ. ನೀವೆಲ್ಲ ಹೇಗೆ ಮಾಡ್ತೀರಾ?

ಮಂಡ್ಯ ಕಡೆ ಲೆಕ್ಚರರ್

ರೇಂಜ್ ಸರಿ ಇದೆ ಅಲ್ವಾ, ಅದರ 2 ಕೊಟ್ಟು ಮುಂದೆ ಹೋಗಿ ಸರ್. ಹೈಟೂ ಟೈಮೂ ತಪ್ಪು, ಅವಕ್ಕೆ ಸೊನ್ನೆ. ಸೈನ್ ಕಾಸ್ ತಿರುಗಿಸಿದ್ರೂ ರೇಂಜ್ ಯಾವತ್ತೂ ಬದಲಾಗಲ್ಲ, 30ಕ್ಕೂ 60ಕ್ಕೂ ರೇಂಜ್ ಒಂದೇ ಅಂತ ನಾವೇ ಕ್ಲಾಸಲ್ಲಿ ಹೇಳ್ಕೊಡ್ತೀವಿ. ಹಾಗಾಗಿ ಆ ಭಾಗದಲ್ಲಿ ಹುಡುಗಂದು ತಪ್ಪೇ ಇಲ್ಲ ಅಂತ ನನ್ನ ಲೆಕ್ಕ.

ಧಾರವಾಡದ ಹಿರಿಯ ಲೆಕ್ಚರರ್, ವ್ಯಾಲ್ಯುಯೇಶನ್ ಮಾಡಿ ಅನುಭವ ಇರೋರು

ಮಂಡ್ಯದ ಸರ್ ಹೇಳಿದ್ದು ಅರ್ಧ ಸರಿ ಅದ, ಅರ್ಧದಾಗ ತೊಂದರೆ ಅದ. ಈ ಲೆಕ್ಕದಾಗ ರೇಂಜ್ ಯಾಕೆ ಸರಿ ಬಂತು ನೋಡ್ರಿ. ನೆಲದಿಂದ ಎಸೆದು ನೆಲಕ್ಕೇ ಬೀಳೋ ಬಾಲಿಗೆ ರೇಂಜ್ ಅಂದ್ರೆ 2·vx·vy/g. ಅದು ಎರಡು ಭಾಗಗಳ ಗುಣಾಕಾರ, 14 ಇಂಟು 24.25 ಅಂದ್ರೂ ಅಷ್ಟೇ, 24.25 ಇಂಟು 14 ಅಂದ್ರೂ ಅಷ್ಟೇ. ಹಂಗಾಗಿ ಅದಲು ಬದಲಾಗಿದ್ದು ಅಲ್ಲಿ ಮುಚ್ಚಿ ಹೋಗ್ತದ. ಹೈಟಿಗೂ ಟೈಮಿಗೂ ವರ್ಟಿಕಲ್ ಭಾಗ ಒಂದೇ ಬೇಕು, ಅದಕ್ಕ ಅಲ್ಲಿ ತಪ್ಪು ಬಯಲಿಗೆ ಬಂತು.

ಆದ್ರ 'ಯಾವತ್ತೂ' ಅನ್ನೋದು ಸುಳ್ಳು. ಇದೇ ಹುಡುಗನಿಗೆ 15 m ಎತ್ತರದ ಕಟ್ಟಡದ ಮ್ಯಾಲಿಂದ 20 m/s ನಾಗ 30° ಮೇಲ್ಮುಖ ಎಸಿ, g 10 ತಗೋ ಅಂತ ಕೊಡ್ರಿ. ಸರಿಯಾಗಿ ಮಾಡಿದ್ರ ವರ್ಟಿಕಲ್ 10, ಹಾರಿಜಾಂಟಲ್ 17.3, ಟೈಮ್ 3 s, ಕಟ್ಟಡದ ಬುಡದಿಂದ 52 m ದೂರದಾಗ ಬೀಳ್ತದ. ತಿರುಗಿಸಿ ಮಾಡಿದ್ರ ಟೈಮ್ 4.18 s ಬರ್ತದ, ದೂರ 41.8 m. ಹತ್ತು ಮೀಟರ್ ಫರಕು. ಅಂದ್ರ ಅವನ ರೇಂಜ್ ಸರಿ ಬಂದಿದ್ದು ಪ್ರಶ್ನೆಯ ಪುಣ್ಯ, ಅವನ ತಿಳುವಳಿಕೆಗೆ ಪುರಾವೆ ಅಲ್ಲ.

ಈಗ ಮಾರ್ಕ್ಸ್ ವಿಚಾರ. ಉತ್ತರದ ಸಂಖ್ಯೆ ಬಿಟ್ಟು ಅವನ ಸಾಲುಗಳನ್ನ ಓದ್ರಿ. ತುದಿಯಾಗ ವರ್ಟಿಕಲ್ ವೇಗ ಸೊನ್ನೆ ಅಂತ ಬರದಾನೇನು? 0 = vy² − 2gh ಬರದಾನೇನು? ಟೈಮ್ ತೆಗೆಯೋವಾಗ 24.25/9.8 = 2.47 ಬಂದಮ್ಯಾಲ ಎರಡರಿಂದ ಗುಣಿಸ್ಯಾನೇನು? ದೂರಕ್ಕ ಹಾರಿಜಾಂಟಲ್ ಭಾಗನ್ನೇ ಪೂರ್ತಿ ಟೈಮಿಂದ ಗುಣಿಸ್ಯಾನೇನು? ನೀವು ಬರೆದಿರೋ ಸಂಖ್ಯೆ ನೋಡಿದ್ರ ಇದೆಲ್ಲಾ ಮಾಡ್ಯಾನ, ಇಲ್ಲಾಂದ್ರ 30, 4.95 ಹಿಂಗ ಸರಿಯಾಗಿ ಬರಂಗಿಲ್ಲ. ಹಂಗಿದ್ರ ತಪ್ಪು ಒಂದೇ ಜಾಗದಾಗ ಆಗೇದ, ಅಲ್ಲೇ ಒಮ್ಮೆ ಕಟ್ ಮಾಡ್ರಿ, ಅದೇ ತಪ್ಪಿಗೆ ಮುಂದ ಮತ್ತ ಮತ್ತ ಕಟ್ ಮಾಡಬ್ಯಾಡ್ರಿ. ಹೈಟಿನ ಉತ್ತರದ 1 ಹೋಯ್ತು, ಉಳಿದ 4 ಕೊಡ್ತೀನಿ ನಾನು. ರೇಂಜಿನ ಉತ್ತರದ 1 ಮಾರ್ಕ್ ಕೀಗೆ ಮ್ಯಾಚ್ ಆಯ್ತು ಅಂತ ಕೊಡೋದಲ್ಲ, ತಾನು ಬರೆದ 14ನ್ನ ತಾನು ಬರೆದ 4.95 ಇಂದ ಸರಿಯಾಗಿ ಗುಣಿಸ್ಯಾನ ಅಂತ ಕೊಡೋದು. ಅಲ್ಲಿ 41.8 ಬಂದಿದ್ರೂ ನಾನು ಅದನ್ನೇ ಮಾಡ್ತಿದ್ದೆ.

ಫಾರ್ಮುಲಾ ಬರೆದಿಲ್ಲ ಅಂತ ಮಾತ್ರ ಕಟ್ ಮಾಡಬ್ಯಾಡ್ರಿ. H = u²sin²θ/2g ಹುಟ್ಟೋದೇ ಆ ಎರಡು ಭಾಗದಿಂದ, ಅವ ಬುಡದಿಂದ ಮಾಡ್ಯಾನ. ಸರಿಯಾದ ಬೇರೆ ವಿಧಾನಕ್ಕೂ ಅಷ್ಟೇ ಮಾರ್ಕ್ಸ್.

ಉಡುಪಿಯ ಮೇಡಂ, ಪಿಯು ಫಿಸಿಕ್ಸ್

ಸರ್ ಹೇಳಿದ್ದು ಒಪ್ತೇನೆ ಆದ್ರೆ 4 ಜಾಸ್ತಿ ಆಯ್ತು ಅಂತ ನನ್ನ ಅಭಿಪ್ರಾಯ. ಈ ಚಾಪ್ಟರಿನ ಜೀವವೇ ಆ ಎರಡು ಸಾಲು ಅಲ್ವಾ, ವೇಗನ ಸರಿಯಾಗಿ ಭಾಗ ಮಾಡೋದು. ಅದು ತಪ್ಪಿದವನಿಗೂ 24.25 ಇಂಟು 2.86 ಅನ್ನೋದನ್ನ ಕ್ಯಾಲ್ಕುಲೇಶನ್ನಲ್ಲಿ ಎಡವಿ 67 ಅಂತ ಬರೆದವನಿಗೂ ಇಬ್ಬರಿಗೂ 4 ಅಂದ್ರೆ ಸರಿ ಅನ್ಸೋದಿಲ್ಲ. ನಮ್ಮಲ್ಲಿ ಟೆಸ್ಟಿಗೆ ಸ್ಕೀಮ್ ಮಾಡುವಾಗಲೇ ಭಾಗ ಮಾಡೋದಕ್ಕೆ ಪ್ರತ್ಯೇಕ 1 ಇಡ್ತೇವೆ, ಆಮೇಲೆ ಮೂರು ಉತ್ತರಕ್ಕೆ ಹಂಚ್ತೇವೆ. ಈ ಹುಡುಗನಿಗೆ ನಾನಾದ್ರೆ 3.

ಇನ್ನೊಂದು, ತಪ್ಪು ಯಾವ ಜಾತಿದು ಅಂತ ಹೈಟ್ ನೋಡಿದ್ರೆನೇ ಗೊತ್ತಾಗ್ತದೆ, ಬಂಡಲ್ ದೊಡ್ಡದಿದ್ದಾಗ ನಾನು ಹಾಗೇ ನೋಡೋದು. ಈ ಲೆಕ್ಕದಲ್ಲಿ 30 m ಕಂಡ್ರೆ ತಿರುಗಿಸಿದ್ದಾರೆ. 40 m ಕಂಡ್ರೆ ಭಾಗ ಮಾಡಿ ಬರೆದಿದ್ದಾರೆ ಆದ್ರೆ ಬಳಸಿಲ್ಲ, ಮೇಲೆ ಚಂದ ಮಾಡಿ 14, 24.25 ಅಂತ ಬರೆದು ಕೆಳಗೆ ಸಮೀಕರಣದಲ್ಲಿ ಪುನಃ 28 ಹಾಕಿರ್ತಾರೆ, 28²/19.6 ಅಂದ್ರೆ 40. ಇದು ತಿರುಗಿಸಿದ್ದಕ್ಕಿಂತ ದೊಡ್ಡ ತಪ್ಪು, ಭಾಗ ಯಾಕೆ ಮಾಡಿದ್ದು ಅಂತಲೇ ಗೊತ್ತಿಲ್ಲ ಅವರಿಗೆ. ಅವರಿಗೆ ಭಾಗ ಮಾಡಿದ 1 ಮಾತ್ರ ಕೊಡ್ತೇನೆ, ಬಳಸದೆ ಇದ್ದದ್ದಕ್ಕೆ ಕೆಳಗಿನದ್ದು ಏನೂ ಇಲ್ಲ. ಹೈಟ್ 10 ಸರಿ ಬಂದು ರೇಂಜ್ 34.6 ಬಂದಿದ್ರೆ ಮೇಲೆ ಹೋಗೋ ಟೈಮ್ 1.43 ಅಷ್ಟೇ ತಗೊಂಡಿದ್ದಾರೆ, ಇಳಿಯೋದು ಮರೆತಿದ್ದಾರೆ. ಅದಕ್ಕೆ ಟೈಮಿನ 1 ಮಾತ್ರ ಹೋಗ್ತದೆ.

ಒಬ್ಬ ಪೋಷಕರು, ಮೈಸೂರು

ನಮ್ ಮಗಳಿಗೂ ಇದೇ ಲೆಕ್ಕದಲ್ಲಿ ಮಾರ್ಕ್ಸ್ ಕಟ್ ಮಾಡಿದಾರೆ ಸರ್, ಅವ್ಳು ಹೈಟ್ 9.8 m ರೇಂಜ್ 67.9 m ಬರೆದಿದಾಳೆ, ಪಾಪ ಅಷ್ಟು ಚೆನ್ನಾಗಿ ಸ್ಟೆಪ್ ಬೈ ಸ್ಟೆಪ್ ಮಾಡಿದಾಳೆ, ಸೈನ್ ಕಾಸ್ ಎಲ್ಲಾ ಸರಿ ಇದೆ ಅಂತ ಟ್ಯೂಷನ್ ಸರ್ ಹೇಳಿದ್ರು, ಹಾಗಾದ್ರೆ ನೀವು ಹೇಳೋ ಪ್ರಕಾರ ಅವ್ಳಿಗೂ 4 ಬರಬೇಕಲ್ವಾ?

ಧಾರವಾಡದ ಹಿರಿಯ ಲೆಕ್ಚರರ್

ಅಮ್ಮಾ, ನಿಮ್ಮ ಮಗಳದು ಬೇರೆ ವಿಷಯ. ಆಕಿ g ಬೆಲೆ 10 ತಗೊಂಡಾಳ, ಅದಕ್ಕ 10 ಬದಲು 9.8, 69.3 ಬದಲು 67.9 ಬಂದದ. ಪ್ರಶ್ನೆಯಾಗ g = 9.8 ಅಂತ ಕೊಟ್ಟಿದ್ರ ಉತ್ತರದ ಮಾರ್ಕ್ ಹೋಗೋದು ಸರಿನೇ. ಕೊಟ್ಟಿರಲಿಲ್ಲ ಅಂದ್ರ ಪೇಪರ್ ತಗೊಂಡು ಹೋಗಿ ಅವರ ಲೆಕ್ಚರರ್ ಹತ್ರ ಸಮಾಧಾನವಾಗಿ ಕೇಳ್ರಿ, ನಾನಾಗಿದ್ರ ಪೂರ್ತಿ 5 ಕೊಡ್ತಿದ್ದೆ.

ಕೇಳಿದವರು

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಪೇಪರ್ ಮತ್ತೆ ತೆಗೆದು ನೋಡ್ದೆ. ಚಿತ್ರದಲ್ಲಿ ಕೋನ ಸರಿಯಾಗಿ ನೆಲದ ಗೆರೆಯಿಂದಲೇ ಗುರುತು ಮಾಡಿದಾನೆ, 30° ಅಂತ ಒಳಗೆ ಬರೆದಿದಾನೆ, ಬಾಣ ಎರಡೂ ಸರಿ ಇದೆ, ಆಮೇಲೆ ಅಡ್ಡ ಬಾಣದ ಪಕ್ಕ 28 sin30 ಅಂತ ಬರೆದಿದಾನೆ. ತುದಿಯಲ್ಲಿ vy = 0 ಅಂತಾನೂ ಬರೆದಿದಾನೆ, ಟೈಮ್ ಡಬಲ್ಲೂ ಮಾಡಿದಾನೆ. ಆದ್ರೆ ಅದೇ ಬಂಡಲಲ್ಲಿ ಇನ್ನೊಂದು ಹುಡುಗಿ ಪೇಪರ್ ಸಿಕ್ತು, ಅವಳದೂ 30, 4.95, 69.3, ಅಕ್ಷರಶಃ ಅದೇ ಉತ್ತರಗಳು. ಕಾಪಿ ಅನ್ಕೊಂಡೆ, ಚಿತ್ರ ನೋಡಿದ್ರೆ ಬೇರೆ, ಅವಳು 30°ನ ನೇರ ಮೇಲೆ ಹೋಗೋ ಗೆರೆಯಿಂದ ಗುರುತು ಮಾಡಿದಾಳೆ. ಅವಳ ಚಿತ್ರದ ಪ್ರಕಾರ ಹಾರಿಜಾಂಟಲ್‌ಗೆ ಸೈನ್ ಬರೋದೇ ಸರಿ! ಇಬ್ರಿಗೂ ಒಂದೇ ಮಾರ್ಕ್ಸಾ?

ಉಡುಪಿಯ ಮೇಡಂ

ನಾನಾದ್ರೆ ಹುಡುಗಿಗೆ 4. ಅವಳ ತ್ರಿಕೋನಮಿತಿ ಸರಿ ಇದೆ, ಪ್ರಶ್ನೆಯ ಒಂದು ಪದ ತಪ್ಪಾಗಿ ಓದಿದ್ದಾಳೆ ಅಷ್ಟೇ. ಹುಡುಗನದ್ದು ಚಿತ್ರ ಒಂದು ಹೇಳ್ತದೆ ಬರವಣಿಗೆ ಇನ್ನೊಂದು ಹೇಳ್ತದೆ, ಹಾಗಾಗಿ 3. ಅವನಿಗೆ ಪೇಪರ್ ಕೊಡುವಾಗ ಒಂದು ಕೇಳಿ ನೋಡಿ, 30° ಅಂದ್ರೆ ಬಾಲ್ ತಗ್ಗಾಗಿ ಮುಂದಕ್ಕೆ ಹೋಗ್ತದಾ ಮೇಲಕ್ಕೆ ಹೋಗ್ತದಾ, ಮತ್ತೆ ಯಾವ ಭಾಗ ದೊಡ್ಡದಿರಬೇಕು ಅಂತ. 45ಕ್ಕಿಂತ ಕಡಿಮೆ ಇದ್ದಾಗ ಹಾರಿಜಾಂಟಲ್ಲೇ ದೊಡ್ಡದು ಅಂತ ಅವನೇ ಹೇಳ್ತಾನೆ, ಆಗ 14, 24.25 ನೋಡಿ ಅವನಿಗೇ ಹೊಳೀತದೆ. "ಎಕ್ಸಿಗೆ ಕಾಸ್, ವೈಗೆ ಸೈನ್" ಅಂತ ಬಾಯಿಪಾಠ ಮಾಡಿಸಿದ್ರೆ ಕೋನವನ್ನ ಲಂಬದಿಂದ ಕೊಟ್ಟ ದಿನ ಇಡೀ ಕ್ಲಾಸ್ ತಪ್ಪು ಮಾಡ್ತದೆ. ಕೋನಕ್ಕೆ ತಾಗಿಕೊಂಡ ಬದಿಗೆ ಕಾಸ್ ಅಂತ ಹೇಳಿ ಚಿತ್ರದ ಮೇಲೆ ಬೆರಳಿಡಿಸಿ.

ಮಂಡ್ಯ ಕಡೆ ಲೆಕ್ಚರರ್

ಎತ್ತರದಿಂದ ಎಸೆದಾಗ ರೇಂಜ್ ಬದಲಾಗುತ್ತೆ ಅನ್ನೋದನ್ನ ನಾನೂ ಲೆಕ್ಕ ಹಾಕಿ ನೋಡ್ದೆ, ಧಾರವಾಡದ ಸರ್ ಹೇಳಿದ್ದು ಸರಿ. ಆದ್ರೆ ಹುಡುಗ ಹುಡುಗಿಗೆ ಬೇರೆ ಬೇರೆ ಮಾರ್ಕ್ಸ್ ಕೊಡೋದು ಒಪ್ಪಲ್ಲ ಮೇಡಂ. ಪ್ರಶ್ನೆ ಓದೋದೂ ಪರೀಕ್ಷೆಯ ಭಾಗಾನೇ, ಇಬ್ರೂ ಪೇಪರ್ ಪಕ್ಕ ಪಕ್ಕ ಇಟ್ಟು ನೋಡಿ ಉತ್ತರ ಎಲ್ಲಾ ಒಂದೇ ಇದ್ಯಲ್ಲಾ ಅಂತ ಕೇಳಿದ್ರೆ ಏನ್ ಹೇಳ್ತೀರಾ?

ಧಾರವಾಡದ ಹಿರಿಯ ಲೆಕ್ಚರರ್

ಚಿತ್ರ ತೋರಿಸ್ರಿ, ಅದನ್ನೇ ಹೇಳ್ರಿ. ಆದ್ರ ಮೇಡಂ, ನಾನು ಹುಡುಗನಿಗೂ 4 ಅಂದಿದ್ದನ್ನ ಬಿಡಂಗಿಲ್ಲ, ನಿಮ್ಮ ಸ್ಕೀಮಿನಾಗ ಭಾಗ ಮಾಡೋದಕ್ಕ ಮಾರ್ಕ್ ಅದ, ಇವರ ಸ್ಕೀಮಿನಾಗ ಇಲ್ಲ, ಇಲ್ಲದ್ದನ್ನ ತಿದ್ದೋವಾಗ ಹುಟ್ಟಿಸಬಾರದು. ಮುಂದಿನ ಟೆಸ್ಟಿಗೆ ಸ್ಕೀಮ್ ಬದಲಿಸ್ರಿ. ಪ್ರಶ್ನೆನೂ ಹಂಗ ಇಡ್ರಿ, ಬರೀ ರೇಂಜ್ ಕೇಳಬ್ಯಾಡ್ರಿ, 45° ಕೊಡಬ್ಯಾಡ್ರಿ, ಅಲ್ಲಿ ಸೈನೂ ಕಾಸೂ ಒಂದೇ ಆಗಿ ಯಾರು ತಿರುಗಿಸ್ಯಾರ ಗೊತ್ತೇ ಆಗಂಗಿಲ್ಲ. ತುದಿಯಾಗ ಬಾಲಿನ ವೇಗ ಎಷ್ಟು ಅಂತ ಒಂದು ಸಣ್ಣ ಪ್ರಶ್ನೆ ಸೇರಿಸ್ರಿ, 24.25 ಬರದ್ರ ಸರಿ, 14 ಬರದ್ರ ತಿರುಗಿಸ್ಯಾರ, ಸೊನ್ನೆ ಬರದ್ರ ಭಾಗ ಮಾಡಿದ್ದು ಬರೀ ಕಾಗದದ ಮ್ಯಾಲ.