ಪದಚರ್ಚೆ: ಮುಟ್ಟು, ಮೈಲಿಗೆ, ಅಸ್ಪೃಶ್ಯತೆ – ಯಾವುದನ್ನು ಬಳಸಲಿ?

ಸುಜಾತ, ಮೈಸೂರು:

ಎಲ್ಲರಿಗೂ ನಮಸ್ಕಾರ. 2018ರ ಸೆಪ್ಟೆಂಬರ್ 28ರ ಸುಪ್ರೀಂ ಕೋರ್ಟಿನ ಶಬರಿಮಲೆ ತೀರ್ಪನ್ನು ಕನ್ನಡದಲ್ಲಿ ಸರಳವಾಗಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ. 10ರಿಂದ 50 ವರ್ಷದ ಹೆಂಗಸರನ್ನು ಆ ದೇವಸ್ಥಾನದೊಳಗೆ ಬಿಡದೆ ತಡೆಯುವುದು ಸಂವಿಧಾನದ 17ನೇ ವಿಧಿ ಹೇಳುವ 'ಅಸ್ಪೃಶ್ಯತೆ'ಯೇ ಅಂತ ನ್ಯಾಯಮೂರ್ತಿ ಚಂದ್ರಚೂಡ್ ಬರೆದಿದ್ದಾರೆ. ಅಲ್ಲ, ಅದು ಜಾತಿಯ ಆಚರಣೆಗೆ ಮಾತ್ರ ಸೇರಿದ್ದು ಅಂತ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಭಿನ್ನ ತೀರ್ಪು ಕೊಟ್ಟಿದ್ದಾರೆ. ಈಗ ನಾನು ನನ್ನ ಮಾತಿನಲ್ಲಿ 'ಮುಟ್ಟಿನ ಅಸ್ಪೃಶ್ಯತೆ' ಅಂದರೆ ಒಬ್ಬರ ಪರ ತೀರ್ಪು ಕೊಟ್ಟ ಹಾಗೆ. 'ಮುಟ್ಟಿನ ಮೈಲಿಗೆ' ಅಂದರೆ ಇನ್ನೊಬ್ಬರ ಪರ. ನೀವಾದರೆ ಏನು ಬರೆಯುತ್ತೀರಿ?

ಮಹದೇವ, ಹಾಸನ:

ಇದಕ್ಕೆ ಚರ್ಚೆಯೇ ಬೇಡ ಮೇಡಂ. ಮುಟ್ಟಬಾರದು ಅಂತಲೇ 'ಮುಟ್ಟು' ಎಂಬ ಹೆಸರು ಬಂತು. ಅಸ್ಪೃಶ್ಯತೆ ಅಂದರೂ ಮುಟ್ಟಬಾರದು ಅಂತಲೇ ಅರ್ಥ. ಎರಡೂ ಒಂದೇ. ಧೈರ್ಯವಾಗಿ ಅಸ್ಪೃಶ್ಯತೆ ಅಂತ ಬರೆಯಿರಿ.

ಗಿರಿಜಮ್ಮ, ಚಿತ್ರದುರ್ಗ:

ದೇವಸ್ಥಾನಕ್ಕೆ ಯಾಕೆ ಬಿಡಲ್ಲ ಅಂತ ಕೇಳ್ತಿದ್ದೀರಾ? ನಮ್ಮಲ್ಲಿ ಮುಟ್ಟು ಅನ್ನೋ ಮಾತನ್ನೇ ಆಡುತ್ತಿರಲಿಲ್ಲ. 'ಹೊರಗಾಗಿದ್ದಾಳೆ' ಅನ್ನೋರು, ಇಲ್ಲದಿದ್ದರೆ 'ಕಾಗೆ ಮುಟ್ಟಿದೆ' ಅನ್ನೋರು. ನಾನು ಮದುವೆಯಾಗಿ ಬಂದಾಗ ನನಗೆ ಬೇರೆ ಚಾಪೆ, ಬೇರೆ ಚೊಂಬು. ಊಟದ ತಟ್ಟೆಯನ್ನು ಅತ್ತೆ ಹೊಸಲಿನಾಚೆ ಇಟ್ಟು, ಕೈ ತೆಗೆದ ಮೇಲೆ ನಾನು ಎತ್ತಿಕೊಳ್ಳಬೇಕು. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡ ಮೇಲೇ ಒಳಗೆ. ಅದೇ ಮನೆಯಲ್ಲಿ ಸಾವಿನ ಸೂತಕ ಬಂದಾಗ ಮಾವನವರೂ ಗುಡಿಗೆ ಹೋಗಲಿಲ್ಲ. ಆದರೆ ಅವರ ತಟ್ಟೆಯನ್ನು ಯಾರೂ ಹೊಸಲಿನಾಚೆ ಇಡಲಿಲ್ಲ.

ರಾಘವೇಂದ್ರ, ಬೆಂಗಳೂರು:

ಗಿರಿಜಮ್ಮನವರೇ, ಪ್ರಶ್ನೆ ಪದದ ಬಗ್ಗೆ ಇತ್ತು. ಆದರೂ ಎಲ್ಲರಿಗಿಂತ ಹತ್ತಿರ ಹೋದವರು ನೀವೇ. ಸೂತಕ ಮನೆಮಂದಿಗೆಲ್ಲ, ಮುಟ್ಟು ಒಬ್ಬಳಿಗೇ. 'ಮೈಲಿಗೆ' ಅಂತ ಬರೆದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಮಹದೇವ್ ಅವರೇ, ನಿಮ್ಮ ಮಾತು ಅರ್ಧ ಸರಿ. 'ತಾಗು' ಅನ್ನುವ ಅರ್ಥ ಇದೆ, ನಿಜ. ಆದರೆ ತಮಿಳಿನಲ್ಲಿ 'ಮುಟ್ಟು' ಅಂದರೆ ತಡೆ ಅಂತಲೂ ಆಗುತ್ತದೆ. ಮುಟ್ಟಿನ ಮೂಲ ಯಾವ ಅರ್ಥದಲ್ಲಿದೆ ಅಂತ ಅಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ. ಅದೂ ಅಲ್ಲದೆ, ಕಾನೂನು ಪದಮೂಲ ನೋಡಿ ನಡೆಯುವುದಿಲ್ಲ.

ಸುಜಾತ ಅವರೇ, ಇಂಗ್ಲಿಷ್ ಮೂಲದ 17ನೇ ವಿಧಿಯಲ್ಲಿ ಆ ಪದ ಉದ್ಧರಣ ಚಿಹ್ನೆಯೊಳಗಿದೆ, ನೋಡಿ. ಇದನ್ನೇ ಹಿಡಿದು ನಮ್ಮ ಮೈಸೂರು ಹೈಕೋರ್ಟು ದೇವರಾಜಯ್ಯ–ಪದ್ಮಣ್ಣ ಪ್ರಕರಣದಲ್ಲಿ ಒಂದು ಮಾತು ಹೇಳಿತು: ಇದು ನಿಘಂಟಿನ ಅರ್ಥದ ಮುಟ್ಟದಿರುವಿಕೆ ಅಲ್ಲ, ಈ ದೇಶದಲ್ಲಿ ಚರಿತ್ರೆಯುದ್ದಕ್ಕೂ ಬೆಳೆದು ಬಂದ ಆಚರಣೆ. ಸಾಂಕ್ರಾಮಿಕ ರೋಗ ಬಂದಾಗ, ಹುಟ್ಟು–ಸಾವಿನ ಸಂದರ್ಭದಲ್ಲಿ ದೂರ ಇಡುವುದು ಇದರಲ್ಲಿ ಸೇರುವುದಿಲ್ಲ. ಮಲ್ಹೋತ್ರಾ ಅವರ ವಾದಕ್ಕೆ ಈ ಓದು ಆಧಾರವಾಗುತ್ತದೆ.

ಆದರೆ 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ಎದ್ದು, ಈ ಪದಕ್ಕೆ ವ್ಯಾಖ್ಯೆಯೇ ಇಲ್ಲವಲ್ಲ ಅಂದರು. ಕೆಲವು ದಿನಗಳಲ್ಲಿ ಹೆಂಗಸರನ್ನೂ ಮುಟ್ಟಬಾರದವರು ಅಂತ ನೋಡುತ್ತಾರೆ, ಅದೂ ಅಪರಾಧವೇ ಅಂತ ಕೇಳಿದರು. ಅದೇ ದಿನ ನಜೀರುದ್ದೀನ್ ಅಹ್ಮದ್ 'ಧರ್ಮ ಅಥವಾ ಜಾತಿಯ ಕಾರಣಕ್ಕೆ' ಅಂತ ಸೇರಿಸಿ ಅದನ್ನು ಕಿರಿದು ಮಾಡಲು ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಪದವನ್ನು ಬೇಕೆಂದೇ ಅಗಲವಾಗಿ ಬಿಟ್ಟರು ಅನ್ನುವುದು ಚಂದ್ರಚೂಡ್ ಅವರ ಓದು. ನನಗೆ ಈ ಓದೇ ಹೆಚ್ಚು ಸರಿ ಅನ್ನಿಸುತ್ತದೆ. ಮೈಯ ಒಂದು ಸಹಜ ಕ್ರಿಯೆಗೆ ಕಳಂಕ ಹಚ್ಚಿ ಬಾಗಿಲು ಹಾಕುವುದು, ಹುಟ್ಟಿಗೆ ಕಳಂಕ ಹಚ್ಚಿ ಬಾಗಿಲು ಹಾಕುವುದಕ್ಕಿಂತ ದೂರದ್ದಲ್ಲ.

ಮಹದೇವ, ಹಾಸನ:

ಆದರೆ ಸರ್, ಜಾತಿಯ ಕಾರಣಕ್ಕೆ ಅಸ್ಪೃಶ್ಯ ಅನ್ನಿಸಿಕೊಂಡವನು ನಾಲ್ಕನೇ ದಿನ ಸ್ನಾನ ಮಾಡಿ ಒಳಗೆ ಬರಲು ಆಗುತ್ತಿರಲಿಲ್ಲ. ಎರಡನ್ನೂ ಒಂದೇ ಪದದಲ್ಲಿ ಹೇಳಿದರೆ ಅವನ ನೋವು ತೆಳುವಾಗುವುದಿಲ್ಲವೇ? ಮೊದಲು ನಾನೇ ಒಂದೇ ಅಂದೆ. ಗಿರಿಜಮ್ಮನವರ ಪತ್ರ ಓದಿದ ಮೇಲೆ ಅನುಮಾನ ಬಂತು.

ರಾಘವೇಂದ್ರ, ಬೆಂಗಳೂರು:

ಒಳ್ಳೆಯ ಆಕ್ಷೇಪ. ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಶಬರಿಮಲೆಯಲ್ಲಿ ನಾಲ್ಕನೇ ದಿನದ ಸ್ನಾನವೂ ಸಾಲದು, ಅಲ್ವಾ? ಕೇರಳದ 1965ರ ದೇವಸ್ಥಾನ ಪ್ರವೇಶ ನಿಯಮಗಳಲ್ಲಿ 3(ಬಿ) ಓದಿ. 'ರೂಢಿಯಂತೆ ಪ್ರವೇಶವಿಲ್ಲದ ಹೊತ್ತಿನಲ್ಲಿ' ಹೆಂಗಸರು ಬರಬಾರದು ಅನ್ನುತ್ತದೆ. ಮುಟ್ಟು ಅನ್ನುವ ಪದವೇ ಅಲ್ಲಿಲ್ಲ. ಆ 'ಹೊತ್ತು' ಹಿಗ್ಗಿ ನಲವತ್ತು ವರ್ಷವಾಯಿತು. ಹತ್ತರ ಹುಡುಗಿಯೂ ಅದರೊಳಗೆ, ಮುಟ್ಟು ನಿಂತ ನಲವತ್ತೆಂಟರವಳೂ ಅದರೊಳಗೆ. ಅಯ್ಯಪ್ಪ ನೈಷ್ಠಿಕ ಬ್ರಹ್ಮಚಾರಿ, ತಡೆ ಅದಕ್ಕೇ ಹೊರತು ಮೈಲಿಗೆಗಲ್ಲ ಅಂತ ದೇವಸ್ಥಾನದ ಪರ ವಾದಿಸಿದರು. ಜೊತೆಗೆ, ಹೆಂಗಸರಿಗೆ 41 ದಿನದ ವ್ರತ ಪೂರೈಸಲು ಆಗುವುದಿಲ್ಲ ಅಂತಲೂ ವಾದ ಬಂತು. ಯಾಕೆ ಆಗುವುದಿಲ್ಲ ಅಂತ ಕೇಳಿದರೆ ಮತ್ತೆ ಮುಟ್ಟಿಗೇ ಬಂದು ನಿಲ್ಲುತ್ತದೆ.

ಸುಜಾತ, ಮೈಸೂರು:

ಎಲ್ಲರಿಗೂ ಧನ್ಯವಾದ. ಚಂದ್ರಚೂಡ್ ಅವರ ಮಾತು ಬರುವಲ್ಲಿ ಉದ್ಧರಣ ಚಿಹ್ನೆ ಸಮೇತ 'ಅಸ್ಪೃಶ್ಯತೆ' ಅಂತಲೇ ಇಡುತ್ತೇನೆ. ಮಲ್ಹೋತ್ರಾ ಅವರ ಭಾಗದಲ್ಲೂ ಅದೇ ಪದ, ಅದೇ ಚಿಹ್ನೆ. ಅವರಿಬ್ಬರ ಜಗಳ ಆ ಒಂದೇ ಪದದ ಮೇಲಲ್ಲವೇ. ನನ್ನ ಸ್ವಂತ ಮಾತಿನಲ್ಲಿ ಮೈಲಿಗೆ ಅಂತ ಬರೆಯುವುದಿಲ್ಲ, 'ಮುಟ್ಟಿನ ಹೆಸರಲ್ಲಿ ಹೊರಗಿಡುವುದು' ಅಂತ ಬರೆಯುತ್ತೇನೆ. 'ಹೊರಗೆ' ಅನ್ನುವ ಪದ ಗಿರಿಜಮ್ಮನವರದು. 2019ರ ನವೆಂಬರ್ 14ರಂದು ದೊಡ್ಡ ಪೀಠಕ್ಕೆ ಕಳಿಸಿದ ಪ್ರಶ್ನೆಗಳ ಭಾಗವನ್ನು ಮುಂದಿನ ವಾರ ಬರೆಯುತ್ತೇನೆ. ನಿಯಮದ 'ಹೊತ್ತು' ಅನ್ನುವುದಕ್ಕೆ 'ಅವಧಿ' ಬೇಡ, 'ಹೊತ್ತು' ಅಂತಲೇ ಇಡೋಣವೇ? ಯಾರಾದರೂ ಹೇಳಿ.

ಗಿರಿಜಮ್ಮ, ಚಿತ್ರದುರ್ಗ:

ಹೊತ್ತು ಅಂತಲೇ ಇಡಿ. ಅವಧಿ ಅಂದರೆ ಸರ್ಕಾರಿ ಕಾಗದ ಓದಿದ ಹಾಗಿರುತ್ತದೆ.