ಸಹಾಯ ಬೇಕು: ಚಕ್ರಬಡ್ಡಿಯ ಎಕ್ಸೆಲ್ ಹಾಳೆಯಲ್ಲಿ ಗ್ರಾಫ್ ಸೊನ್ನೆಗೆ ಬೀಳುತ್ತಿದೆ

ಒಂಬತ್ತನೇ ತರಗತಿಯ ಮಕ್ಕಳಿಗೆ ಚಕ್ರಬಡ್ಡಿ ತೋರಿಸಲು ಎಕ್ಸೆಲ್‌ನಲ್ಲಿ ಒಂದು ಹಾಳೆ ಮಾಡಿದ್ದೇನೆ. B1ರಲ್ಲಿ ಅಸಲು 10,000 ರೂಪಾಯಿ, B2ರಲ್ಲಿ ಬಡ್ಡಿದರ 8%, B3ರಲ್ಲಿ ಅವಧಿ. ಆರನೇ ಸಾಲು ಸೊನ್ನೆಯನೇ ವರ್ಷ. ಅಲ್ಲಿಂದ ಕೆಳಗೆ 30 ವರ್ಷಗಳವರೆಗೆ ಸಾಲುಗಳಿವೆ. A ಕಾಲಮ್ಮಿನಲ್ಲಿ ವರ್ಷ, B ಕಾಲಮ್ಮಿನಲ್ಲಿ ಚಕ್ರಬಡ್ಡಿ ಸೇರಿದ ಮೊತ್ತ, ಪಕ್ಕದ ಕಾಲಮ್ಮಿನಲ್ಲಿ ಸರಳ ಬಡ್ಡಿಯದು.

ಅಂಕಿಗಳು ಸರಿಯಾಗಿಯೇ ಬರುತ್ತಿವೆ. 10 ವರ್ಷಕ್ಕೆ ಚಕ್ರಬಡ್ಡಿಯಲ್ಲಿ 21,589, ಸರಳ ಬಡ್ಡಿಯಲ್ಲಿ 18,000. ಅವಧಿಯನ್ನು 20 ಮಾಡಿದರೆ 46,610 ಮತ್ತು 26,000. ಈ ಅಂತರ ಹಿಗ್ಗುವುದನ್ನು ಮಕ್ಕಳು ಕಣ್ಣಾರೆ ನೋಡಲಿ ಎಂದೇ ಗೆರೆ ಗ್ರಾಫ್ ಹಾಕಿದ್ದು. ತೊಡಕು ಇರುವುದೂ ಅಲ್ಲೇ. ಅವಧಿ ಮುಗಿದ ಮೇಲಿನ ಸಾಲುಗಳು ಖಾಲಿ ಕಾಣಲೆಂದು B7ರಲ್ಲಿ ಹೀಗೆ ಬರೆದು ಕೆಳಗೆ ಎಳೆದೆ:

```
=IF(A7>$B$3,"",B6*(1+$B$2))
```

ಕೋಷ್ಟಕ ಚೊಕ್ಕವಾಗಿದೆ. ಆದರೆ ಆ "" ಅನ್ನು ಗ್ರಾಫ್ ಸೊನ್ನೆ ಎಂದು ಓದುತ್ತದೆ. B3ರಲ್ಲಿ 12 ಕೊಟ್ಟರೆ ಹದಿಮೂರನೇ ವರ್ಷಕ್ಕೆ ಗೆರೆ ದೊಪ್ಪನೆ ನೆಲ ಕಚ್ಚುತ್ತದೆ. "ಮಿಸ್, ಬ್ಯಾಂಕಿನವರು ದುಡ್ಡೆಲ್ಲ ವಾಪಸ್ ತೆಗೆದುಕೊಂಡರಾ?" ಎಂದು ಒಬ್ಬ ಹುಡುಗ ಕೇಳಿದ. ಗ್ರಾಫ್ ನೋಡಿದವರಿಗೆ ಬರಬೇಕಾದ ಪ್ರಶ್ನೆಯೇ ಅದು!

"" ಬದಲು NA() ಹಾಕಿದೆ. ಗೆರೆ ಹನ್ನೆರಡಕ್ಕೇ ನಿಂತಿತು, ಕೋಷ್ಟಕದ ತುಂಬ ಮಾತ್ರ #N/A. ಗ್ರಾಫಿನ ಅಡಿಯ ಅಕ್ಷವೂ 30ರವರೆಗೆ ಹಾಗೆಯೇ ಇದೆ. ಶಾಲೆಯ ಕಂಪ್ಯೂಟರಿನದು ಹಳೆಯ ಎಕ್ಸೆಲ್, SEQUENCE ಇಲ್ಲ, ಮ್ಯಾಕ್ರೊ ಬೇಡ.

B3 ಬದಲಿಸಿದಾಗ ಗೆರೆಯೂ ಅಕ್ಷವೂ ಅದೇ ವರ್ಷಕ್ಕೆ ನಿಲ್ಲಬೇಕು, ಕೋಷ್ಟಕದಲ್ಲಿ #N/A ಕಾಣಬಾರದು. ಯಾವ ಸೂತ್ರ ಬರೆಯಬೇಕು, ಅದನ್ನು ಗ್ರಾಫಿಗೆ ಹೇಗೆ ಜೋಡಿಸಬೇಕು?