ಸಹಾಯ ಬೇಕು: ಬೆರಳ ತುದಿಯ ತೊನ್ನಿಗೆ ಕಸಿ ಮಾಡಿಸಿಕೊಂಡವರು ಇದ್ದೀರಾ?

ನಮಸ್ಕಾರ. ನಾವು ಬೆಂಗಳೂರಿನ ಜಯನಗರದವರು. ನನ್ನ ತಂಗಿಗೆ ಮೊಣಕೈ ಮತ್ತು ಬೆರಳ ತುದಿಗಳಲ್ಲಿ ತೊನ್ನು ಇದೆ. ವಾರಕ್ಕೆ 2 ಸಲ ಲೈಟ್ ಚಿಕಿತ್ಸೆ (ನ್ಯಾರೋಬ್ಯಾಂಡ್ ಯುವಿಬಿ) ನಡೆಯುತ್ತಿದೆ. ಮೊಣಕೈ ಮಚ್ಚೆಯೊಳಗೆ ಕೂದಲಿನ ಬುಡದ ಸುತ್ತ ಕಂದು ಚುಕ್ಕಿಗಳು ಮೂಡಿ, ಈಗ ಒಂದಕ್ಕೊಂದು ಕೂಡಿಕೊಳ್ಳುತ್ತಿವೆ. ಬೆರಳ ತುದಿ ಮಾತ್ರ ಹಾಗೇ ಇದೆ. ಬಣ್ಣದ ಕಣಗಳು ಹೆಚ್ಚಾಗಿ ಕೂದಲ ಬುಡದಿಂದಲೇ ಬರಬೇಕು, ಅಲ್ಲಿ ಕೂದಲೇ ಇಲ್ಲವಲ್ಲ ಅಂತಾರೆ ಡಾಕ್ಟರ್. 1 ವರ್ಷ ಹೊಸ ಮಚ್ಚೆ ಬರದೇ ಇದ್ದರೆ ಚರ್ಮದ ಕಸಿ ಯೋಚಿಸಬಹುದಂತೆ. ಆದರೆ ಬೆರಳಲ್ಲಿ ಫಲ ಕಡಿಮೆಯಂತೆ.

ಎಲ್ಲರ ಕಣ್ಣು ಬೀಳೋದು ಆ ಬೆರಳುಗಳ ಮೇಲೇ. ಮೊನ್ನೆ ಗೃಹಪ್ರವೇಶದಲ್ಲಿ ಪಲ್ಯದ ಪಾತ್ರೆ ಹಿಡಿದಿದ್ದಳು. ದೊಡ್ಡಮ್ಮ ಬಂದು, "ನೀನು ಕೂತ್ಕೋ ಪುಟ್ಟಿ, ಬೇರೆಯವರು ಬಡಿಸ್ತಾರೆ" ಅಂದರು. ಇದು ಅಂಟೋದಿಲ್ಲ ಅಂತ ಅವರಿಗೂ ಗೊತ್ತು! ಈಗ ಹೋಟೆಲಲ್ಲೂ ಅವಳು ಚಮಚದಲ್ಲೇ ತಿನ್ನುತ್ತಾಳೆ.

ಬೆರಳಿಗೆ ಕಸಿ ಮಾಡಿಸಿಕೊಂಡವರು ಇದ್ದರೆ ಹೇಳಿ: ಬಣ್ಣ ಎಷ್ಟು ಬಂತು, ಪಕ್ಕದ ಚರ್ಮಕ್ಕೆ ಹೊಂದಿತಾ, ಆಮೇಲೆ ಉಳಿಯಿತಾ? ಕೈ ತೊಳೆದರೂ ಹೋಗದ ಮುಚ್ಚುವ ಕ್ರೀಮ್ ಗೊತ್ತಿದ್ದರೂ ತಿಳಿಸಿ. ಬಾವಂಚಿ ಎಣ್ಣೆ ಮಾತ್ರ ದಯವಿಟ್ಟು ಬೇಡ, ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆ ಏಳುತ್ತದೆ.